ನಿಂತ ಮುಳ್ಳು

ಆ ರೆಕಾರ್ಡಿಂಗನ್ನು ಅಳಿಸಿಬಿಡು ಎಂದು ಮನೆಯವರೆಲ್ಲ ಹೇಳಿದ್ದಾರೆ. ಅಳಿಸಿಲ್ಲ. ನನ್ನ ದನಿ ಮೇಸ್ತ್ರಿಗೆ ಸುಳ್ಳು ಹೇಳುತ್ತಿರುವುದು ಅದರಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಸುಳ್ಳು ಹೇಳುತ್ತಿದ್ದೇನೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ, ಅಷ್ಟೇ.

ಬಾಯ್ಲರ್ ರಿಪೇರಿ ಮಾಡುವ ಒಂದು ಸಣ್ಣ ಸಂಸ್ಥೆಯ ಹೊಸಪೇಟೆ ಆಫೀಸಿನಲ್ಲಿ ನನಗೆ ಕೆಲಸ. ಭತ್ತ ಬೇಯಿಸುವ ಮಿಲ್ಲುಗಳು ನಮ್ಮ ಗಿರಾಕಿಗಳು. ಅಂದು ಬೆಳಿಗ್ಗೆ ಕಂಪ್ಲಿ ಕಡೆಯ ಒಂದು ಮಿಲ್ಲಿನಲ್ಲಿ ಹೊಸ ಸೇಫ್ಟಿ ವಾಲ್ವಿನ ಪರೀಕ್ಷೆ ಇತ್ತು. ಪರೀಕ್ಷೆ ಎಂದರೆ ಹಬೆಯ ದಾರಿ ಮುಚ್ಚಿ, ಬೆಂಕಿ ಹೆಚ್ಚಿಸುತ್ತ ಹೋಗುವುದು. ಒತ್ತಡ ತೋರಿಸುವ ಗೇಜಿನ ಮುಳ್ಳು ಹತ್ತಕ್ಕೆ ಬಂದಾಗ ವಾಲ್ವು ತಾನಾಗಿ ತೆರೆದು ಹಬೆ ಹೊರಗೆ ಬಿಡಬೇಕು. ಬಿಡದಿದ್ದರೆ ಬೆಂಕಿ ನಿಲ್ಲಿಸಿ ದೂರ ಸರಿಯಬೇಕು.

ಗೇಜು ಬಾಯ್ಲರಿನ ನೆತ್ತಿಯ ಮೇಲೆ. ಒಲೆಯ ಬಾಯಿ ಕೆಳಗೆ. ಒಲೆಯ ಮುಂದೆ ನಿಂತವನಿಗೆ ಮುಳ್ಳು ಕಾಣುವುದಿಲ್ಲ. ಹಿಂದೆಲ್ಲ ಮೇಲೆ ಒಬ್ಬ ನಿಂತು ಕೂಗಿ ಹೇಳುತ್ತಿದ್ದ. ಅವನ ಕೂಗು ಮೂರೇ: ‘ಏರ್ತೈತಿ’, ‘ಇಳೀತೈತಿ’, ‘ನಿಂತೈತಿ’. ಏರುತ್ತಿದ್ದರೆ ಕೆಳಗಿನವನು ಸುಮ್ಮನಿರುತ್ತಾನೆ. ನಿಂತಿದೆ ಎಂದರೆ ಒಲೆಗೆ ಇನ್ನಷ್ಟು ಭತ್ತದ ಹೊಟ್ಟು ಹಾಕುತ್ತಾನೆ.

ಈ ಸಲ ಮೇಲೆ ನಿಲ್ಲುವ ಆಳಿನ ಬದಲು ಒಂದು ಫೋನನ್ನು ಗೇಜಿಗೆ ಎದುರಾಗಿ ಕಟ್ಟಿದ್ದರು. ನಮ್ಮ ಸಾಹೇಬರ ಯೋಚನೆ ಅದು. ಸುತ್ತಲಿನ ಇಪ್ಪತ್ತು ಮಿಲ್ ಮಾಲಕರು ವಿಡಿಯೊ ಮೀಟಿಂಗಿನಲ್ಲಿ ಕೂತು ಹೊಸ ವಾಲ್ವು ಹಾರುವುದನ್ನು, ಅಂದರೆ ತೆರೆದು ಹಬೆ ಬಿಡುವುದನ್ನು, ನೋಡಬೇಕು. ಮುಳ್ಳು ನೋಡಿ ಹೇಳುವ ಕೆಲಸ ನನ್ನದು. ಒಲೆಯ ಮುಂದಿದ್ದ ಮೇಸ್ತ್ರಿಗೆ ಆಫೀಸಿನ ಫೋನಿನಿಂದ ಬೇರೆ ಕರೆ ಮಾಡಿ, ಸ್ಪೀಕರಿನಲ್ಲಿ ಇಟ್ಟುಕೊಂಡಿದ್ದೆ.

“ಮ್ಯಾಲಿಂದ ಕೂಗಾಕ ಹೊಸಪ್ಯಾಟಿಯಾಗ ಕುಂತೀಯಲ್ಲ ತಂಗೀ, ನಿನ್ನ ಕೂಗು ಇಲ್ಲಿ ಮುಟ್ಟೂದ್ರಾಗ ನನ್ನ ಮೀಸಿ ಸುಟ್ಟಿರ್ತೈತಿ” ಎಂದರು ಮೇಸ್ತ್ರಿ.

“ನಿಮಗ ಮೀಸಿ ಎಲ್ಲೈತ್ರೀ ಮೇಸ್ತ್ರಿ?”

“ಹೋದ ಪರೀಕ್ಷ್ಯಾಗ ಸುಟ್ಟಿದ್ದು, ಇನ್ನೂ ಬಂದಿಲ್ಲವ್ವ.”

ಅಷ್ಟರಲ್ಲಿ ಕರೆಂಟು ಹೋಯಿತು. ಆಫೀಸಿನ ವೈಫೈ ಸತ್ತಿತು. ನನ್ನ ಸ್ವಂತ ಫೋನಿನ ಹಾಟ್‌ಸ್ಪಾಟ್ ಹಾಕಿ ಮೀಟಿಂಗಿಗೆ ಮರಳಿದೆ. ಲ್ಯಾಪ್‌ಟಾಪ್ ಹಳೆಯದು, ಬ್ಯಾಟರಿಯ ಮೇಲೆ ಇನ್ನೂ ನಿಧಾನ. ಆಗಲೇ ಸೆಟ್ಟಿಂಗ್ ನೋಡಬೇಕಿತ್ತು. ಕಾರಿನಿಂದ ಮೀಟಿಂಗಿಗೆ ಬಂದಿದ್ದ ಸಾಹೇಬರು, “ಎಚ್‌ಡಿ ಹಾಕೇ ಇರ್ಲಿ, ಭಾಳ ಮಸ್ತ್ ಕಾಣ್ತೈತಿ” ಎಂದರು. ನನ್ನ ಹಿಂದಿನ ಗೋಡೆಗೆ ಹಳೆ ವಾಲ್ವುಗಳ ರ‍್ಯಾಕು, ಗ್ರೀಸ್ ಡಬ್ಬಿಗಳು. ಅವು ಕಾಣಬಾರದೆಂದು ಹಸಿರು ಗದ್ದೆಯ ಚಿತ್ರವನ್ನು ಹಿನ್ನೆಲೆಯಾಗಿ ಹಾಕಿಸಿದ್ದರು. ಎಲ್ಲ ಮಾಲಕರ ಮುಖವೂ ಒಟ್ಟಿಗೆ ಕಾಣಲೆಂದು ಗ್ಯಾಲರಿ ವ್ಯೂ. ಸಾಹೇಬರ ಮಾತು ಮುಗಿದದ್ದೇ, ಗಲಾಟೆ ಆಗದಿರಲೆಂದು ಎಲ್ಲರ ಮೈಕನ್ನೂ ನಾನೇ ಬಂದ್ ಮಾಡಿ, ಅವರಾಗಿ ತೆರೆಯಲು ಬಾರದಂತೆ ಇಟ್ಟಿದ್ದೆ.

ಮುಳ್ಳು ಆರಕ್ಕೆ ಬಂತು. “ಏರ್ತೈತ್ರಿ” ಎಂದೆ. ಏಳು. “ಏರ್ತೈತಿ.” ಲ್ಯಾಪ್‌ಟಾಪಿನ ಫ್ಯಾನು ಕಿರುಚತೊಡಗಿತ್ತು. ಪರದೆಯ ಅಂಚಿನ ನನ್ನ ಚೌಕದಲ್ಲಿ ಕೂದಲಿನ ಸುತ್ತ ಗದ್ದೆಯ ಹಸಿರು ತುಂಡುತುಂಡಾಗಿ ನಡುಗುತ್ತಿತ್ತು. ಎಂಟು.

ಎಂಟರಲ್ಲಿ ಮುಳ್ಳು ಅಲುಗಲಿಲ್ಲ. ಗೇಜಿನ ಪಕ್ಕದ ಪೈಪಿನಿಂದ ಒಂದು ಎಳೆ ಹಬೆ ಮೇಲೇಳುತ್ತಿತ್ತು. ಅದೂ ಅಲುಗಲಿಲ್ಲ, ಗೋಡೆಗೆ ಬಳಿದ ಸುಣ್ಣದ ಗೆರೆಯ ಹಾಗಿತ್ತು. ಮಾಲಕರತ್ತ ನೋಡಿದೆ. ಒಬ್ಬರ ಬಾಯಿ ಅರ್ಧ ತೆರೆದೇ ಇತ್ತು. ಕಮಲಾಪುರದ ವಯಸ್ಸಾದ ಮಾಲಕರೊಬ್ಬರ ಕೈ ಮುಖದ ಮುಂದೆ ಎತ್ತಿದಂತೆಯೇ ಉಳಿದಿತ್ತು.

ಚಿತ್ರ ಸಿಕ್ಕಿಹಾಕಿಕೊಂಡಿದೆ ಎಂದು ಗೊತ್ತಾಯಿತು. ಮೌಸ್ ಹಿಡಿದು ಸೆಟ್ಟಿಂಗ್ ಹುಡುಕುತ್ತ, ಅರ್ಧ ಗಮನದಲ್ಲಿ ಮೇಸ್ತ್ರಿಗೆ ಹೇಳಿದೆ:

“ಮೇಸ್ತ್ರಿ, ನಿಂತೈತ್ರಿ.”

“ನಿಂತೈತಾ? ಎಂಟಕ್ಕಾ?”

“ಹೂನ್ರಿ, ಎಂಟಕ್ಕ ನಿಂತ್ಬಿಟ್ಟೈತಿ.”

“ಆತ್ ತಗಾ, ಇನ್ನಷ್ಟು ಹೊಟ್ಟು ಹಾಕ್ತೀನಿ.”

ಹೊಟ್ಟು ಸುರಿದ ಶಬ್ದ ಫೋನಿನಲ್ಲಿ ಕೇಳಿತು. ಕೇಳಿಯೂ ಕೇಳಲಿಲ್ಲ. ನನ್ನ ಕಣ್ಣು ಮೆನುವಿನಲ್ಲಿತ್ತು. ಒಂದೊಂದು ಕ್ಲಿಕ್ಕಿಗೂ ಪರದೆ ಹಲವು ಸೆಕೆಂಡು ಯೋಚಿಸುತ್ತಿತ್ತು. ಮೊದಲು ಗದ್ದೆಯ ಚಿತ್ರ ತೆಗೆದೆ. ನನ್ನ ಹಿಂದೆ ರ‍್ಯಾಕು ಪ್ರತ್ಯಕ್ಷವಾಯಿತು. ಫ್ಯಾನಿನ ಕಿರುಚಾಟ ಒಂದಿಷ್ಟು ಇಳಿಯಿತು. ಮೌಸು ಹಗುರಾಯಿತು. ಎಚ್‌ಡಿ ತೆಗೆದೆ. ಇನ್ನೂ ಎಂಟೇ. ಇಪ್ಪತ್ತು ಮುಖಗಳ ವಿಡಿಯೊ ಒಂದೇ ಹಾಟ್‌ಸ್ಪಾಟಿನಿಂದ ಇಳಿಯುತ್ತಿತ್ತು, ಅಷ್ಟನ್ನೂ ಈ ಮುದಿ ಯಂತ್ರವೇ ಬಿಡಿಸಬೇಕಿತ್ತು. ಗ್ಯಾಲರಿ ಬಿಟ್ಟು ಗೇಜಿನ ಚೌಕವೊಂದನ್ನೇ ಪಿನ್ ಮಾಡಿದೆ.

ಮುಖಗಳೆಲ್ಲ ಮಾಯವಾದವು. ಗೇಜು ಪರದೆ ತುಂಬ ಬಂತು. ಮೊದಲು ಮಸುಕು, ಆಮೇಲೆ ಹಬೆಯ ಎಳೆ ಜೀವ ಬಂದಂತೆ ಹೊರಳಿತು. ಮುಳ್ಳು ಹತ್ತರ ಕೆಂಪು ಗೆರೆ ದಾಟಿ ಹನ್ನೆರಡರಲ್ಲಿ ನಡುಗುತ್ತಿತ್ತು. ವಾಲ್ವು ಹಾರಿರಲಿಲ್ಲ.

“ಮೇಸ್ತ್ರೀ, ಹನ್ನೆರಡೈತಿ! ಬ್ಯಾಡ, ಹಾಕಬ್ಯಾಡ್ರಿ! ಓಡ್ರಿ!”

“ಏನಂದಿ? ನಿಂತೈತಿ ಅಂದಿ?”

“ಚಿತ್ರ ನಿಂತಿತ್ರಿ! ಮುಳ್ಳಲ್ಲ!”

ಫೋನಿನಲ್ಲಿ ಒಲೆಗೆ ಗಾಳಿ ಊದುವ ಫ್ಯಾನು ನಿಂತ ಸದ್ದು. ಅವರು ಓಡಲಿಲ್ಲ. ವಾಲ್ವನ್ನು ಕೈಯಿಂದ ತೆರೆಯುವ ಸನ್ನೆಕೋಲಿಗೆ ಕಟ್ಟಿದ ಸರಪಳಿ ಕೆಳಗೆ ಇಳಿಬಿದ್ದಿತ್ತು. ಅದನ್ನು ಹಿಡಿದು ಜಗ್ಗಿದರು. ಸರಪಳಿಯ ಕಬ್ಬಿಣ ಕಿರ್ರೆಂದದ್ದು ಕೇಳಿತು, ಎರಡು ಸಲ. ಮೂರನೆಯ ಸಲಕ್ಕೆ ಪರದೆ ಪೂರ್ತಿ ಬೆಳ್ಳಗಾಯಿತು, ಫೋನಿನಲ್ಲಿ ಎಂಥದೋ ಕಿವಿ ಹರಿಯುವ ಆರ್ಭಟ. ಅದು ಹಬೆ ಹೊರಗೆ ಹೋದ ಶಬ್ದವೋ ಬಾಯ್ಲರ್ ಒಡೆದ ಶಬ್ದವೋ ನನಗೆ ತಿಳಿಯಲಿಲ್ಲ. ಕುರ್ಚಿಯ ಕೈಯನ್ನು ಹಿಡಿದುಕೊಂಡು, ಬಿಳಿ ಪರದೆಯನ್ನೇ ನೋಡುತ್ತ ಮೇಸ್ತ್ರಿ ಮೇಸ್ತ್ರಿ ಎನ್ನುತ್ತಿದ್ದೆನಂತೆ. ನೆನಪಿಲ್ಲ, ರೆಕಾರ್ಡಿಂಗಿನಲ್ಲಿದೆ.

ಕೊನೆಗೆ ಕೆಮ್ಮು ಕೇಳಿತು. “ಇಳೀತೈತೇನು ನೋಡವ್ವ” ಎಂದರು. ಹಬೆ ತೆಳುವಾಗಿ ಗೇಜು ಕಂಡಿತು. ಒಂಬತ್ತು.

“ಇಳೀತೈತ್ರಿ.”

“ಮೊದ್ಲ ಚಿತ್ರದಾಗ ಹಬಿ ಆಡ್ತೈತಾ ನೋಡು, ಆಮ್ಯಾಲ ಹೇಳು.”

ನೋಡಿ ಹೇಳಿದೆ. ಆಡುತ್ತಿತ್ತು.

ವಾಲ್ವು ಒಳಗೇ ಸಿಕ್ಕಿ ಬಿಗಿದುಕೊಂಡಿತ್ತೆಂದು ಆಮೇಲೆ ಬಿಚ್ಚಿ ನೋಡಿ ಹೇಳಿದರು. ಮೇಸ್ತ್ರಿಯ ಬಲ ಮುಂಗೈ ಸುಟ್ಟಿತ್ತು, ಅಷ್ಟಕ್ಕೇ ಮುಗಿಯಿತು. ತಪ್ಪು ವಾಲ್ವಿನದು, ನಿನ್ನದಲ್ಲ ಎಂದು ಸಾಹೇಬರು ಹೇಳಿದರು. ನಾನೂ ಎರಡು ದಿನ ಹಾಗೆಂದುಕೊಂಡೆ. ಆಮೇಲೆ ರೆಕಾರ್ಡಿಂಗ್ ನೋಡಿದೆ.

ಅದು ನನ್ನ ಲ್ಯಾಪ್‌ಟಾಪಿನಲ್ಲಿ ಅಲ್ಲ, ಮೀಟಿಂಗ್ ಕಂಪನಿಯ ಸರ್ವರಿನಲ್ಲಿ ಉಳಿದದ್ದು. ಅಲ್ಲಿ ಗೇಜು ಒಂದು ಕ್ಷಣವೂ ನಿಂತಿಲ್ಲ. ಮಿಲ್ಲಿನ ಫೋನು ಸರಿಯಾಗಿಯೇ ಕಳಿಸುತ್ತಿತ್ತು. ಸಿಕ್ಕಿಕೊಂಡದ್ದು ನನ್ನ ಕಡೆ. ಮುಳ್ಳು ಎಂಟು ದಾಟಿ, ಒಂಬತ್ತು ದಾಟಿ, ಹತ್ತು ದಾಟಿ ಏರುತ್ತದೆ, ಅದರ ಮೇಲೆ ನನ್ನ ದನಿ: ನಿಂತ್ಬಿಟ್ಟೈತಿ. ಮೂಲೆಯ ಚೌಕದಲ್ಲಿ ಕಮಲಾಪುರದ ಮಾಲಕರು ಎರಡೂ ಕೈ ಬೀಸುತ್ತಿದ್ದಾರೆ. ಬಾಯಿ ದೊಡ್ಡದಾಗಿ ತೆರೆದು ಏನೋ ಕೂಗುತ್ತಿದ್ದಾರೆ. ಅವರ ಮೈಕಿನ ಮೇಲೆ ನಾನೇ ಎಳೆದ ಕೆಂಪು ಗೆರೆ.

ಈಗ ಮತ್ತೆ ಗೇಜಿನ ಪಕ್ಕ ಆಳು ನಿಲ್ಲುತ್ತಾನೆ. ಫೋನಿನಲ್ಲಿ ಮಾತಾಡುವಾಗ ಮೇಸ್ತ್ರಿ ಒಂದು ಕ್ಷಣ ಸುಮ್ಮನಾದರೆ ಕರೆ ಸಿಕ್ಕಿಕೊಂಡಿತೋ ಎಂದು ಫೋನಿನ ಪರದೆ ನೋಡುತ್ತೇನೆ. ಅದು ಅವರಿಗೆ ಹೇಗೋ ಗೊತ್ತಾಗಿದೆ.

“ನಾ ನಿಂತಿಲ್ಲವ್ವ, ಅದೀನಿ” ಎನ್ನುತ್ತಾರೆ.