ಭಟ್ಟರ ಹಬೆ ಮತ್ತು ಹಸಿರು ಉಂಗುರ

ಟೊಕ್, ಟೊಕ್, ಟೊಕ್.

ಕುದಿಯುವ ನೀರಿನಲ್ಲಿ ಮೊಟ್ಟೆಗಳು ಒಂದಕ್ಕೊಂದು ತಾಗುವ ಸದ್ದು. ನೋಯ್ಡಾದ ಆ ಏಳು ಮಹಡಿಯ ಆಫೀಸಿನ ಕ್ಯಾಂಟೀನಿನಲ್ಲಿ ಬೆಳಗಿನ ಆರು ಗಂಟೆಗೆ ಕೇಳಿಸುವ ಮೊದಲ ಸದ್ದು ಅದೇ. ಗೋಪಾಲ ಭಟ್ಟರು ಆ ಪಾತ್ರೆಯ ಕಡೆ ತಿರುಗಿ ನೋಡುವುದಿಲ್ಲ. ಕಿವಿಯಲ್ಲೇ ಬೇಯಿಸುತ್ತಾರೆ.

ಕುಂದಾಪುರದ ಕಡೆಯಿಂದ ಹತ್ತೊಂಬತ್ತರ ವಯಸ್ಸಿನಲ್ಲಿ ದೆಹಲಿಗೆ ಬಂದ ಭಟ್ಟರು ಜನಕಪುರಿಯ ಹೋಟೆಲೊಂದರಲ್ಲಿ ಇಡ್ಲಿ ಕಲಿತರು. ಅಲ್ಲಿನ ಹಿರಿಯ ಅಡುಗೆಯವರು ಅವರಿಗೆ ಕೊಟ್ಟ ಉಪದೇಶ ಒಂದೇ: ಹಬೆ ಬಿಟ್ಟರೆ ಮಾನ ಬಿಟ್ಟ ಹಾಗೆ. ಮೂವತ್ತೈದು ವರ್ಷಗಳಲ್ಲಿ ಭಟ್ಟರ ಕೈಯಿಂದ ತಣ್ಣಗಿನ ಪದಾರ್ಥ ಯಾರ ತಟ್ಟೆಗೂ ಹೋಗಿಲ್ಲ. ಜನವರಿಯ ಮಂಜಿನಲ್ಲಿ ಹುಡುಗರು ಜಾಕೆಟ್ಟಿನೊಳಗೆ ಕುಗ್ಗಿಕೊಂಡು ಬಂದರೆ, ತಟ್ಟೆಯಿಂದೇಳುವ ಹಬೆಯಲ್ಲಿ ಅವರ ಕನ್ನಡಕ ಮಸುಕಾಗಬೇಕು. ಅದನ್ನು ನೋಡುವುದೇ ಅವರ ಸಂಬಳ.

ಮೊಟ್ಟೆ ಬಂದದ್ದು ಕಂಪನಿಯ ಷರತ್ತಿನಿಂದ. ಕ್ಯಾಂಟೀನ್ ನಡೆಸಬೇಕೆಂದರೆ ತಿಂಡಿಗೆ ಬೇಯಿಸಿದ ಮೊಟ್ಟೆ ಇರಲೇಬೇಕು. ಹುಟ್ಟಿದಂದಿನಿಂದ ಮೊಟ್ಟೆ ತಿನ್ನದ ಭಟ್ಟರು ಎರಡು ದಿನ ಯೋಚಿಸಿ, ಒಂದು ಹಳೆಯ ಇಡ್ಲಿ ಪಾತ್ರೆಯನ್ನು ಸೇವೆಯಿಂದ ನಿವೃತ್ತಗೊಳಿಸಿ, ಬಾಗಿಲ ಹತ್ತಿರ ಬೇರೆ ಒಲೆಯ ಮೇಲಿಟ್ಟರು. ಮೊಟ್ಟೆಗೆ ಅವರು 'ಅದು' ಎನ್ನುತ್ತಾರೆ. ಆದರೆ 'ಅದಕ್ಕೂ' ನ್ಯಾಯ ಒಂದೇ. ಆರಕ್ಕೆ ಬೇಯಲಿಟ್ಟದ್ದು ಹತ್ತು ಗಂಟೆಯ ಕೊನೆಯ ಗಿರಾಕಿಯವರೆಗೂ ಸಣ್ಣ ಉರಿಯಲ್ಲಿ, ಮುಚ್ಚಳದ ಕೆಳಗೆ, ಬಿಸಿ ಬಿಸಿಯಾಗಿಯೇ ಇರುತ್ತದೆ. ಸಿಪ್ಪೆಯ ಸಮೇತ ಕೊಡುತ್ತಾರೆ. ಒಡೆದು ನೋಡುವ ಸಂದರ್ಭ ಅವರಿಗೆ ಎಂದೂ ಬಂದಿರಲಿಲ್ಲ.

ಒಡೆದು ನೋಡಿದವನು ಮೂರನೇ ಮಹಡಿಯ ಅಕ್ಷಯ್. ದ್ವಾರಕಾದಲ್ಲಿ ಹುಟ್ಟಿ ಬೆಳೆದ ಕನ್ನಡದ ಹುಡುಗ. ಹಳದಿಯ ಸುತ್ತ ಬೂದು ಹಸಿರಿನ ಉಂಗುರ ಕಂಡು, ಫೋಟೊ ತೆಗೆದು ಆಫೀಸಿನ ವಾಟ್ಸಾಪ್ ಗುಂಪಿಗೆ ಹಾಕಿದ: 'ಇದೇನು, ಫಂಗಸ್?' ಹತ್ತು ನಿಮಿಷದಲ್ಲಿ ಒಬ್ಬರು ವಿಷ ಎಂದರು, ಒಬ್ಬರು ಪ್ಲಾಸ್ಟಿಕ್ ಮೊಟ್ಟೆ ಎಂದರು. ಆಗಲೇ ಎರಡು ತಿಂದಿದ್ದವರೊಬ್ಬರು ಹೊಟ್ಟೆನೋವೆಂದು ರಜೆ ಹಾಕಿ ಮನೆಗೆ ಹೋದರು.

ಆಡಳಿತ ನೋಡಿಕೊಳ್ಳುವ ಸಚ್‌ದೇವ್ ಸಾಹೇಬರು ಇಳಿದು ಬಂದರು.

"ಭಟ್ ಜೀ, ನಾಳೆ ಆಹಾರ ತಪಾಸಣೆಯವರು ಬರ್ತಾರೆ. ಹಾಳಾದದ್ದು ಅಂತ ಅವರು ಬರೆದರೆ ನಾಳೆಯೇ ಕ್ಯಾಂಟೀನ್ ಬಂದ್. ನನ್ನ ಕೈಯಲ್ಲಿ ಏನೂ ಇಲ್ಲ."

ಭಟ್ಟರು ಆ ದಿನ ಮೆಟ್ರೋದಲ್ಲಿ ತಮ್ಮ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿಬಿಟ್ಟರು.

ಮರುದಿನ ಬಂದ ತಪಾಸಣೆಯವಳು ಹಾಸನದ ಸುಪ್ರೀತಾ. ಆಹಾರ ತಂತ್ರಜ್ಞಾನ ಓದಿದವಳು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಥರ್ಮಾಮೀಟರ್. ಪಾತ್ರೆಯ ನೀರಿನಲ್ಲಿ ಅದನ್ನಿಟ್ಟು ನೋಡಿದಳು, ಒಂದು ಮೊಟ್ಟೆ ಎತ್ತಿ ಮೂಸಿದಳು.

"ಇದನ್ನ ಒಡೀರಿ ಭಟ್ರೇ."

"ನಾನಾ?"

"ನಿಮ್ಮ ಕ್ಯಾಂಟೀನ್ ತಾನೆ."

ಭಟ್ಟರು ಪೇಪರ್ ನ್ಯಾಪ್‌ಕಿನ್ನಿನಲ್ಲಿ ಮೊಟ್ಟೆಯನ್ನು ಹಿಡಿದು, ಮುಖವನ್ನು ಗೋಡೆಯತ್ತ ತಿರುಗಿಸಿ ಸಿಪ್ಪೆ ಸುಲಿದರು. ಅವಳು ಚಾಕುವಿನಿಂದ ಎರಡು ಹೋಳು ಮಾಡಿದಳು. ಒಂದು ಕಣ್ಣನ್ನಷ್ಟೇ ತೆರೆದು ನೋಡಿದರು ಭಟ್ಟರು. ಹಸಿರು ಉಂಗುರ ಅಲ್ಲೇ ಇತ್ತು.

"ಮುಗೀತಲ್ಲ ಮಾರಾಯ್ತಿ" ಎಂದರು ಸಣ್ಣಗೆ. "ವಿಷವೇ?"

"ಇಲ್ಲ. ಎಷ್ಟು ಹೊತ್ತು ಬೇಯಿಸಿದ್ರಿ?"

"ಆರು ಗಂಟೆಗೆ ಇಟ್ಟದ್ದು."

ಅವಳು ಗಡಿಯಾರ ನೋಡಿದಳು. ಒಂಬತ್ತೂವರೆ.

"ಮೂರೂವರೆ ಗಂಟೆ?"

"ಸಣ್ಣ ಉರಿ" ಎಂದರು ಭಟ್ಟರು, ಅದೊಂದು ವಿನಾಯಿತಿ ಎಂಬಂತೆ.

ಅವಳು ಅದೇ ಟ್ರೇಯಿಂದ ಹಸಿ ಮೊಟ್ಟೆಯೊಂದನ್ನು ತೆಗೆದು, ಬೇರೆ ಪಾತ್ರೆಯ ಕುದಿಯುವ ನೀರಿಗಿಳಿಸಿ, ಹನ್ನೊಂದು ನಿಮಿಷ ಕಳೆದ ಕೂಡಲೇ ಎತ್ತಿ ಐಸ್ ನೀರಿನಲ್ಲಿ ಮುಳುಗಿಸಿದಳು. ಪೂರ್ತಿ ತಣ್ಣಗಾದ ಮೇಲೆ ಕತ್ತರಿಸಿದಳು. ಚೆಂಡುಹೂವಿನಂಥ ಹಳದಿ. ಉಂಗುರದ ಸುಳಿವಿಲ್ಲ.

"ನೋಡಿ, ಮೊಟ್ಟೆ ಅದೇ. ಬಿಳಿ ಭಾಗದಲ್ಲಿ ಗಂಧಕದ ಅಂಶ ಇರುತ್ತೆ. ಹೆಚ್ಚು ಹೊತ್ತು ಬೆಂದರೆ ಅದರಿಂದ ಒಂದು ಅನಿಲ ಹುಟ್ಟುತ್ತೆ. ಹೊರಗೆ ಬಿಸಿ ಇರೋದರಿಂದ ಅದು ಒಳಗೆ, ಹಳದಿಯ ಕಡೆ ಸರಿಯುತ್ತೆ. ಹಳದಿಯಲ್ಲಿ ಕಬ್ಬಿಣದ ಅಂಶ ಇದೆ. ಎರಡೂ ಸೇರಿದ ಅಂಚಿನಲ್ಲಿ ಹಸಿರು. ಅಷ್ಟೇ. ತಿಂದರೆ ಏನೂ ಆಗಲ್ಲ."

"ಹಾಗಾದರೆ ಕೆಟ್ಟದ್ದಲ್ಲ?"

"ಕೆಟ್ಟ ಮೊಟ್ಟೆಗೆ ಉಂಗುರ ಬೇಕಾಗಿಲ್ಲ, ವಾಸನೆಯೇ ಊರಿಗೆಲ್ಲ ಹೇಳುತ್ತೆ. ಇದನ್ನು ಬೇಗ ತಣ್ಣಗೆ ಮಾಡಿದರೆ ಬೇಯೋದು ಅಲ್ಲಿಗೇ ನಿಲ್ಲುತ್ತೆ, ಅನಿಲ ಒಳಗೆ ಹೋಗೋದು ಕಡಿಮೆಯಾಗುತ್ತೆ."

ಬಿಗಿದಿದ್ದ ಭಟ್ಟರ ಹೆಗಲು ಇಳಿಯಿತು. ಅವಳು ಫಾರ್ಮಿನಲ್ಲಿ ಬರೆಯತೊಡಗಿದಳು. ಅವರು ಕುತ್ತಿಗೆ ಚಾಚಿ ಓದಿದರು. ಮತ್ತೆ ಹೆಗಲು ಏರಿತು.

"ಇದೆಂಥದು? 'ಅತಿಯಾಗಿ ಬೇಯಿಸಲಾಗಿದೆ'?"

"ಹೌದಲ್ಲ."

"ನೋಡಿ ಮೇಡಂ, ಬೇರೆ ಏನು ಬೇಕಾದರೂ ಬರೀರಿ. ಬೇಯಿಸುವುದು ಗೊತ್ತಿಲ್ಲ ಅಂತ ಬರೀಬೇಡಿ. ಈ ಕಾಗದ ನೋಟಿಸ್ ಬೋರ್ಡಿಗೆ ಹೋಗ್ತದೆ. ನಾಳೆ ಇಡ್ಲಿಯನ್ನೂ ಚಮಚದಲ್ಲಿ ಕುಟ್ಟಿ ನೋಡ್ತಾರೆ."

"ಕಾರಣ ಬರೆಯಲೇಬೇಕು ಭಟ್ರೇ. ಇಲ್ಲದಿದ್ದರೆ ವಿಷ ಅಂದವರೇ ಗೆಲ್ತಾರೆ."

"ಮೂರೂವರೆ ಗಂಟೆ ನಾನು ಬೇಯಿಸಲಿಲ್ಲ. ಬಿಸಿ ಇಟ್ಟೆ. ಹೊರಗೆ ಐದು ಡಿಗ್ರಿ ಇದೆ, ಮಕ್ಕಳು ತಣ್ಣಗಿನದು ತಿನ್ನಬೇಕಾ?"

ಸುಪ್ರೀತಾ ಪೆನ್ನಿನ ತುದಿಯಿಂದ ಹಣೆ ಕೆರೆದುಕೊಂಡಳು. ಹಳೆಯ ಸಾಲನ್ನು ಹೊಡೆದುಹಾಕಿ ಹೊಸದಾಗಿ ಬರೆದು ಓದಿದಳು: "ಅಗತ್ಯಕ್ಕಿಂತ ಹೆಚ್ಚು ಹೊತ್ತು ಬಿಸಿಯಲ್ಲಿ ಇಟ್ಟಿದ್ದರಿಂದ ಹಸಿರು ಉಂಗುರ. ಹಾನಿಯಿಲ್ಲ."

"ಅದು ಸತ್ಯ" ಎಂದು ಭಟ್ಟರು ಒಪ್ಪಿದರು. ಆದರೂ ಹೋಗುವವಳನ್ನು ಬಾಗಿಲಲ್ಲಿ ತಡೆದರು. "ತಣ್ಣೀರಿಗೆ ಹಾಕಿದರೆ ಹಬೆ?"

"ಕೊಡುವ ಮುಂಚೆ ಎರಡು ನಿಮಿಷ ಬಿಸಿನೀರಲ್ಲಿ ಅದ್ದಿ. ಸಾಕು."

ಭಟ್ಟರು ಆ ಸಂಜೆಯೇ ಗಂಟೆ ಹೊಡೆಯುವ ಪುಟ್ಟ ಅಡುಗೆ ಗಡಿಯಾರ ಕೊಂಡರು. ಒಮ್ಮೆಗೆ ಇಪ್ಪತ್ತೇ ಮೊಟ್ಟೆ, ಹನ್ನೊಂದೇ ನಿಮಿಷ, ಪಕ್ಕದಲ್ಲಿ ಐಸಿನ ಬಕೆಟ್.

ಮರುದಿನ ವರದಿ ಬೋರ್ಡಿಗೇರಿತು, ಕ್ಯಾಂಟೀನ್ ಉಳಿಯಿತು. ಆದರೆ ಮೊಟ್ಟೆಗೆ ಯಾರೂ ಸಾಲು ನಿಲ್ಲಲಿಲ್ಲ. ಸಚ್‌ದೇವ್ ಸಾಹೇಬರು ಅಕ್ಷಯ್‌ನನ್ನೂ ಎಳೆದುಕೊಂಡು ಕೌಂಟರಿಗೆ ಬಂದರು.

"ಸಾರಿ ಅಂಕಲ್" ಎಂದ ಅಕ್ಷಯ್. "ಫೋಟೊ ಡಿಲೀಟ್ ಮಾಡಿದೆ. ಆದ್ರೆ ಎಲ್ಲರೂ ಸೇವ್ ಮಾಡ್ಕೊಂಡಿದ್ದಾರೆ."

"ಜನರಿಗೆ ಕಾಗದದ ಮೇಲೆ ನಂಬಿಕೆ ಇಲ್ಲ ಭಟ್ ಜೀ" ಎಂದರು ಸಾಹೇಬರು. "ನನಗೆ ಒಂದು ಐಡಿಯಾ ಬಂದಿದೆ. ನೀವೇ ಎಲ್ಲರ ಎದುರಿಗೆ ಒಂದು ತಿಂದು ತೋರಿಸಿಬಿಡಿ."

ಭಟ್ಟರು ಒಂದು ಹೆಜ್ಜೆ ಹಿಂದೆ ಸರಿದರು.

"ಅರ್ಧ ಸಾಕು" ಎಂದರು ಸಾಹೇಬರು. "ಉಂಗುರ ಇಲ್ಲದ ಅರ್ಧ."

"ಅಂಕಲ್, ನಾನು ವಿಡಿಯೊ ಮಾಡ್ತೀನಿ. ಗುಂಪಿಗೆ ಹಾಕಿದ್ರೆ ಬಸ್, ಮ್ಯಾಟರ್ ಕ್ಲೋಸ್."

"ಸಾಹೇಬರೇ" ಎಂದು ಭಟ್ಟರು ಕೈ ಒರೆಸಿಕೊಂಡರು, "ನಮ್ಮಲ್ಲಿ ಏನೆಂದರೆ, ಅದನ್ನು..."

ಒಲೆಯ ಕಡೆಯಿಂದ ಗಡಿಯಾರ ಟ್ರಿಣ್ ಎಂದು ಹೊಡೆದುಕೊಳ್ಳತೊಡಗಿತು.

"ಹನ್ನೊಂದು ನಿಮಿಷ" ಎಂದವರೇ ಭಟ್ಟರು ಐಸಿನ ಬಕೆಟ್ಟಿನ ಕಡೆ ನಡೆದುಬಿಟ್ಟರು.

"ಅದನ್ನು ಏನು, ಭಟ್ ಜೀ?" ಎಂದು ಸಾಹೇಬರು ಕೇಳುತ್ತಲೇ ಇದ್ದರು.