ಎರಡನೆಯ ಸಾಲು

ನಮ್ಮ ಪ್ರೆಸ್ಸಿನಲ್ಲಿ ಕರಡು ತಿದ್ದುವವರಿಗೆ ನಾವಿಟ್ಟ ಹೆಸರು ಕೆಂಪಿಂಕು. ಒಂದೇ ಸಾಲು ಎರಡು ಸಲ ಅಚ್ಚಾಗಿದ್ದರೆ ಒಂದನ್ನು ಹೊಡೆದು ಹಾಕದೆ ಅವರ ಕೈ ತಡೆಯುತ್ತಿರಲಿಲ್ಲ. ಮೂವತ್ತೊಂದು ವರ್ಷದ ಚಟ.

ಹಾಗಾಗಿ ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ಒಂದೇ ದಿನ, ಒಂದೇ ಸ್ಕ್ಯಾನಿಂಗ್ ಸೆಂಟರು, ಒಂದೇ ಮೊತ್ತ ಎರಡು ಸಾಲಾಗಿ ಬಂದಾಗ ಎರಡನೆಯದರ ಮೇಲೆ ಕೆಂಪು ಗೆರೆ ಎಳೆದೇ ನನ್ನ ಮೇಜಿಗೆ ತಂದರು. ಹೊಟ್ಟೆನೋವೆಂದು ಅಲ್ಲಿ ಸ್ಕ್ಯಾನ್ ಮಾಡಿಸಿದ್ದರು. ಏನೂ ಇಲ್ಲ, ಬರೀ ಗ್ಯಾಸ್ ಎಂದು ಬಂದಿತ್ತು.

"ಬ್ಯಾಂಕಿಗೊಂದು ಕಾಗದ ಟೈಪ್ ಮಾಡಮ್ಮ. ಹಗಲು ದರೋಡೆ ಇದು."

ಮಾಡಿದೆ. ‘ನಾನು ಮಾಡಿಸಿದ್ದು ಒಂದೇ ಸ್ಕ್ಯಾನ್. ರಸೀದಿಯ ಪ್ರತಿ ಲಗತ್ತಿಸಿದ್ದೇನೆ. ಎರಡನೆಯ ಕಡಿತವನ್ನು ರದ್ದುಪಡಿಸಿ.’

"ಕಾರ್ಡು ಬೇರೆ ಯಾರ ಕೈಗಾದ್ರೂ ಹೋಗಿತ್ತಾ ಸಾರ್?" ಎಂದೆ.

"ಮನೇಲೇ ಇತ್ತು. ಅದರ ಪಿನ್ ನಂಬರ್ರೂ ನನಗೆ ನೆನಪಿರಲ್ಲ, ಹೆಂಡತಿನೇ ಹೇಳ್ಬೇಕು," ಎಂದು ನಕ್ಕರು. ನಾನೂ ನಕ್ಕೆ. ನನಗೂ ಆಗ ಹೊಳೆಯಲಿಲ್ಲ.

ಮಧ್ಯಾಹ್ನ ಅವರ ಹೆಂಡತಿ ಬುತ್ತಿ ತಂದರು. ಗಂಡ ಕೈ ತೊಳೆಯಲು ಹೋದಾಗ ನನ್ನ ಮೇಜಿನ ಮೇಲಿದ್ದ ಕಾಗದ ನೋಡಿದರು. "ಇದನ್ನ ಕಳಿಸ್ದೇ ಇದ್ರೆ ಆಗಲ್ವಾ ಮಗಳೇ? ಹೋಗ್ಲಿ ಬಿಡಿ ಅಂದ್ರೆ ನನ್ ಮೇಲೇ ರೇಗ್ತಾರೆ."

"ಬಿಟ್ರೆ ಇವ್ರು ತಲೆ ಮೇಲೆ ಕೂರ್ತಾರಮ್ಮ," ಎಂದೆ, ದೊಡ್ಡ ವಕೀಲೆಯ ಹಾಗೆ. ಅವರು ಡಬ್ಬಿ ತೊಳೆದುಕೊಂಡು ಹೊರಟರು.

ತನಿಖೆ ಮುಗಿಯುವವರೆಗೆ ಎಂದು ಬ್ಯಾಂಕು ಆ ಮೊತ್ತವನ್ನು ಖಾತೆಗೆ ಹಾಕಿತು. ಕೆಂಪಿಂಕು ಇಡೀ ಪ್ರೆಸ್ಸಿಗೆ ಚಹಾ ಕೊಡಿಸಿದರು.

ಎರಡು ತಿಂಗಳಾದ ಮೇಲೆ ಉತ್ತರ ಬಂತು. ಸ್ಕ್ಯಾನಿಂಗ್ ಸೆಂಟರು ಕಳಿಸಿದ ದಾಖಲೆಗಳ ಪ್ರಕಾರ ವಹಿವಾಟುಗಳು ಬೇರೆ ಬೇರೆ: ಒಂದು ಬೆಳಿಗ್ಗೆ ಹತ್ತೂ ನಲವತ್ತಕ್ಕೆ, ಇನ್ನೊಂದು ಸಂಜೆ ನಾಲ್ಕೂ ಕಾಲಿಗೆ, ಅನುಮೋದನೆ ಸಂಖ್ಯೆಯೂ ಬೇರೆ. ಆದ್ದರಿಂದ ಹಾಕಿದ ಮೊತ್ತವನ್ನು ವಾಪಸು ಪಡೆಯಲಾಗಿದೆ. ಜೊತೆಗೆ ಎರಡು ಬಿಲ್ಲಿನ ಪ್ರತಿ. ಎರಡನೆಯದರಲ್ಲಿ ರೋಗಿಯ ಹೆಸರಿನ ಜಾಗದಲ್ಲಿ ಅವರ ಹೆಂಡತಿಯ ಹೆಸರಿತ್ತು.

ಕೆಂಪಿಂಕು ಅದನ್ನು ಮೂರು ಸಲ ಓದಿದರು. ಬುತ್ತಿ ತಂದ ಹೆಂಡತಿಯನ್ನು ಕೇಳಿದರು, "ರಿಪೋರ್ಟ್ ಎಲ್ಲಿ?"

"ತಂದಿಲ್ಲ."

"ಯಾಕೆ?"

"ನಿಮ್ ರಿಪೋರ್ಟಲ್ಲಿ ಏನ್ ಬರುತ್ತೋ ಅಂತ ಭಯ ಇತ್ತು. ಅದು ನೋಡ್ಕೊಂಡು ನಂದು ಹೇಳೋಣ ಅಂದ್ಕೊಂಡೆ. ಅಷ್ಟೊತ್ತಿಗೆ ನೀವು ಕಾಗದ ಬರ್ದಾಗಿತ್ತು. ಬ್ಯಾಂಕಿನವರ ಮುಂದೆ ನಿಮ್ಮನ್ನ ಸುಳ್ಳುಗಾರ ಮಾಡೋಕೆ ಮನಸ್ಸಾಗ್ಲಿಲ್ಲ."

ಸೆಂಟರಿನ ಕೌಂಟರಿನಲ್ಲಿ ಆ ರಿಪೋರ್ಟಿನ ಲಕೋಟೆ ಎರಡು ತಿಂಗಳಿಗೂ ಮೇಲಿಂದ ಕಾಯುತ್ತಿತ್ತು. ಅದರೊಳಗೆ ಬರೆದಿದ್ದ ಗಡ್ಡೆ ಅಷ್ಟರಲ್ಲಿ ಕಾಯದೆ ಬೆಳೆದಿತ್ತು. ತಡವಾಯಿತೆಂದರು ವೈದ್ಯರು. ಅಲ್ಲಿಂದ ಐದನೆಯ ತಿಂಗಳಿಗೆ ಆ ತಾಯಿ ಹೋದರು.

ಹದಿನೈದು ದಿನ ಬಿಟ್ಟು ಕೆಂಪಿಂಕು ಕೆಲಸಕ್ಕೆ ಬಂದರು. ಬುತ್ತಿ ಬರುವುದಿಲ್ಲ. ಕರಡಿನಲ್ಲಿ ಒಂದೇ ಸಾಲು ಎರಡು ಸಲ ಬಂದರೆ ಈಗ ಹೊಡೆದು ಹಾಕುವುದಿಲ್ಲ. ಪಕ್ಕದ ಅಂಚಿನಲ್ಲಿ ಸಣ್ಣಗೆ ಬರೆಯುತ್ತಾರೆ: ‘ಬರೆದವರನ್ನು ಒಮ್ಮೆ ಕೇಳಿ.’