ಅಣ್ಣನ ಮೂಗು, ಕರಿ ದಾನಾ

ನಮ್ಮ ಮನೆಯಲ್ಲಿ ನನಗೆ ಮೂಗಿನ ತುದಿಯಲ್ಲಿ ಕೋಪ, ಅಣ್ಣನಿಗೆ ಮೂಗಿನ ತುದಿಯಲ್ಲಿ ಬದುಕು. ಹಾಗಂತ ಅತ್ತಿಗೆ ನಗುತ್ತಿದ್ದರು. ಆ ಮಾತು ನೆನೆದರೆ ಈಗ ನನಗೆ ನಗು ಬರುವುದಿಲ್ಲ.

ದೊಡ್ಡೇರಿ ಹತ್ತಿರ, ರಸ್ತೆಯಿಂದ ಒಳಗೆ ಒಂದು ತಗಡಿನ ಶೆಡ್ಡು. ಅದೇ ಅಣ್ಣನ ಯೂನಿಟ್ಟು. ಒಡೆದ ಕ್ಯಾನು, ಬಿಂದಿಗೆ, ಡ್ರಮ್ಮು, ಮುಚ್ಚಳ, ಒಟ್ಟಿನಲ್ಲಿ ಸಿರಾ, ಕೊರಟಗೆರೆ, ಪಾವಗಡದ ಗುಜರಿ ಅಂಗಡಿಗಳಲ್ಲಿ ಬಿದ್ದಿರುವ ಪ್ಲಾಸ್ಟಿಕ್ಕೆಲ್ಲ ನಮ್ಮಲ್ಲಿಗೆ ಬರುತ್ತದೆ. ಕಾಳಾಗಿ ಹೊರಗೆ ಹೋಗುತ್ತದೆ. ಆ ಕಾಳಿಗೆ ದಾನಾ ಅನ್ನುತ್ತಾರೆ. ಹನಿ ನೀರಾವರಿಗೆ ಕರಿ ಪೈಪು ಮಾಡುವ ಮಧುಗಿರಿಯ ಒಬ್ಬರು ಅದನ್ನು ಕೊಳ್ಳುತ್ತಾರೆ. ಮಿಷನ್ನು ಅಣ್ಣನದು, ಲೆಕ್ಕ ಅತ್ತಿಗೆಯದು, ತೊಟ್ಟಿ ನನ್ನದು. ನಾನು ಮದುವೆಯಾಗಿ ಹೋದದ್ದು ಪಕ್ಕದ ಬೀದಿಗೆ. ಹಾಗಾಗಿ ತವರಿನ ಕೆಲಸ ನನ್ನನ್ನು ಬಿಡಲಿಲ್ಲ, ನಾನೂ ಅದನ್ನು ಬಿಡಲಿಲ್ಲ.

ಬಂದ ಮಾಲನ್ನು ಹೆಂಗಸರು ಕೂತು ಆರಿಸುತ್ತಾರೆ. ಕಬ್ಬಿಣದ ಹಿಡಿ, ರಬ್ಬರ್ ವಾಶರ್, ಅಂಟಿಸಿದ ಚೀಟಿ ಎಲ್ಲ ಕಿತ್ತುಹಾಕಬೇಕು. ಒಂದು ಮೊಳೆ ಉಳಿದರೂ ಗ್ರೈಂಡರಿನ ಬ್ಲೇಡು ಹಲ್ಲು ಮುರಿದುಕೊಳ್ಳುತ್ತದೆ. ಗ್ರೈಂಡರು ಎಲ್ಲವನ್ನೂ ಕಿರುಬೆರಳಿನ ಉಗುರಿನಷ್ಟು ಚೂರು ಮಾಡಿ ಜಾಲರಿಯಿಂದ ಉದುರಿಸುತ್ತದೆ. ಆ ಚೂರನ್ನು ಕಾಸ್ಟಿಕ್ ಸೋಡಾ ಹಾಕಿದ ಬಿಸಿನೀರಿನಲ್ಲಿ ತಿರುವಿ, ಜಿಡ್ಡು ಬಿಡಿಸಿ, ಆಮೇಲೆ ನನ್ನ ತೊಟ್ಟಿಗೆ ಹಾಕುತ್ತೇವೆ. ತೊಟ್ಟಿಯಲ್ಲಿ ಎಚ್‌ಡಿ, ಅಂದರೆ ಕ್ಯಾನು, ಡ್ರಮ್ಮಿನ ಪ್ಲಾಸ್ಟಿಕ್ಕಿನ ಚೂರು, ತೇಲುತ್ತದೆ. ಮಣ್ಣು, ಕಲ್ಲು, ಪಿವಿಸಿ ಮುಳುಗುತ್ತವೆ. ಮೇಲೆ ತೇಲಿದ್ದನ್ನು ಬಾಚಿ ತೆಗೆಯುವುದು ನನ್ನ ಕೆಲಸ. ತಳದಲ್ಲಿ ಉಳಿದದ್ದನ್ನು ನಾನು ಯಾವತ್ತೂ ಒಳಗೆ ಬಿಟ್ಟವಳಲ್ಲ. ಗಿರಗಿರನೆ ತಿರುಗುವ ಡ್ರೈಯರಿನಲ್ಲಿ ನೀರು ಹಿಂಡಿ, ಬಿಸಿಲಿಗೆ ಹರವಿದ ಮೇಲೆ ಚೂರು ದಾನಾ ಮಿಷನ್ನಿಗೆ ಹೋಗುತ್ತದೆ. ಅಲ್ಲಿ ಕಾದ ಕೊಳವೆಯೊಳಗೆ ಉದ್ದನೆಯ ಸ್ಕ್ರೂ ತಿರುಗುತ್ತಾ ಚೂರನ್ನು ಕರಗಿಸಿ ಮುಂದಕ್ಕೆ ತಳ್ಳುತ್ತದೆ. ಕರಗಿದ್ದು ತಂತಿ ಜಾಲರಿಯಲ್ಲಿ ಸೋಸಿ, ಶಾವಿಗೆಯಂತೆ ಎಳೆಎಳೆಯಾಗಿ ಇಳಿದು, ನೀರಿನ ದೋಣಿಯಲ್ಲಿ ಗಟ್ಟಿಯಾಗಿ, ಕಟ್ಟರಿನಲ್ಲಿ ಕಾಳಾಗುತ್ತದೆ. ಕಾಳನ್ನು ಸೀಳಿ ನೋಡುತ್ತೇವೆ. ಒಳಗೆ ಗುಳ್ಳೆಯಿದ್ದರೆ ಚೂರು ಸರಿಯಾಗಿ ಒಣಗಿಲ್ಲ ಎಂದರ್ಥ. ಒಂದು ಹಿಡಿ ಕಾಳನ್ನು ಬಿಸಿ ತಗಡಿನ ಮಧ್ಯೆ ಒತ್ತಿ ಹಾಳೆ ಮಾಡಿ, ಆರಿದ ಮೇಲೆ ಮಡಚಿ ನೋಡುತ್ತೇವೆ. ಬಾಗಬೇಕು, ಬಿರಿಯಬಾರದು.

ಆದರೆ ತೊಟ್ಟಿಗೆ ಎಲ್ಲ ಗೊತ್ತಾಗುವುದಿಲ್ಲ. ಎಚ್‌ಡಿಯೂ ತೇಲುತ್ತದೆ, ಮುಚ್ಚಳದ ಪ್ಲಾಸ್ಟಿಕ್ಕಾದ ಪಿಪಿಯೂ ತೇಲುತ್ತದೆ. ಎರಡೂ ಕಲೆತರೆ ಪೈಪಿಗೆ ಬಲ ಇರುವುದಿಲ್ಲ. ಅದಕ್ಕೇ ಅಣ್ಣನ ಮೂಗು. ಮಾಲು ಇಳಿದ ಕೂಡಲೇ ಅಣ್ಣ ಒಂದು ಚೂರು ಕಿತ್ತು, ಇಕ್ಕಳದಲ್ಲಿ ಹಿಡಿದು ಲೈಟರ್ ಹಚ್ಚುತ್ತಿದ್ದ. ಹೊತ್ತಿಕೊಂಡ ಕೂಡಲೇ ಉಫ್ ಎಂದು ಆರಿಸಿ, ಕಣ್ಣು ಮುಚ್ಚಿ, ಹೊಗೆ ಎಳೆದುಕೊಳ್ಳುತ್ತಿದ್ದ. "ಮೇಣದ ವಾಸ್ನೆ, ಎಚ್‌ಡಿ" ಅನ್ನುತ್ತಿದ್ದ. ಇಲ್ಲವೆ "ಒಸಿ ಸೀ ಐತೆ, ಪಿಪಿ" ಅನ್ನುತ್ತಿದ್ದ. ಪಿವಿಸಿಯಾದರೆ ಮಾತೇ ಇಲ್ಲ, ಮುಖ ಕಿವುಚಿ ಬಿಸಾಡುತ್ತಿದ್ದ. ಉರಿಯ ಬಣ್ಣ ನೋಡಿಯೂ ಹೇಳಬಹುದು. ಪಿವಿಸಿಯ ಉರಿ ಅಂಚಿನಲ್ಲಿ ಹಸಿರಾಗಿರುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ. ಆದರೆ ಅಣ್ಣ ಉರಿಯನ್ನು ನೋಡುವವನೇ ಅಲ್ಲ. ನೋಡುವ ಮೊದಲೇ ಊದಿಬಿಡುತ್ತಿದ್ದ. ನಮಗೂ ಅದೇ ಪದ್ಧತಿ ಅನ್ನಿಸಿಬಿಟ್ಟಿತ್ತು.

ಆ ಬೇಸಿಗೆಯಲ್ಲಿ ಏನೋ ಸರಿಯಿರಲಿಲ್ಲ. ಪೈಪಿನವರು ಫೋನ್ ಮಾಡಿ, ದಾನಾದಲ್ಲಿ ಪಿಪಿ ಸೇರಿದೆ, ಹಾಳೆ ಮಡಚಿದರೆ ಬಿಳಿ ಗೆರೆ ಬಿದ್ದು ಸೀಳುತ್ತದೆ ಅಂದರು. ಅಣ್ಣನಿಂದ ಹಾಗಾದದ್ದು ನಾನು ಕೇಳಿರಲೇ ಇಲ್ಲ. ಆರಿಸುವ ಹೆಂಗಸರನ್ನು ಬಯ್ದೆ. ಇನ್ನೊಂದು ದಿನ ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಸಾರು ಹಳಸಿ ನೊರೆ ಬಂದಿತ್ತು. ನಾನು ಮೂಗು ಮುಚ್ಚಿಕೊಂಡೆ. ಅಣ್ಣ ಮುದ್ದೆ ಮುರಿದು ಅದರಲ್ಲೇ ಅದ್ದಿ ನುಂಗುತ್ತಿದ್ದ. ನಾನು ತಟ್ಟೆ ಕಿತ್ತುಕೊಂಡಾಗ ಅವನ ಮುಖದಲ್ಲಿ ಒಂದು ಗಾಬರಿ ಸುಳಿದು ಹೋಯಿತು. "ಹಸಿವಾಗಿತ್ತು ಕಣಮ್ಮ" ಅಂದ. ಅವನ ಕಣ್ಣು ಸದಾ ಕೆಂಪಗಿರುತ್ತಿತ್ತು. ಕೆಮ್ಮು ಬೇರೆ. ಕೇಳಿದರೆ ಧೂಳು ಅನ್ನುತ್ತಿದ್ದ. ನನಗೆ ಒಳಗೊಳಗೇ ಹೆದರಿಕೆ ಶುರುವಾಗಿತ್ತು, ಯಾವುದಕ್ಕೆ ಅಂತ ಗೊತ್ತಿರಲಿಲ್ಲ.

ಅಷ್ಟರಲ್ಲಿ ಪಾವಗಡದ ಕಡೆಯ ಗುಜರಿಯವನು ಬಂದ. ವಳ್ಳೂರಿನ ಸೋಲಾರ್ ಪಾರ್ಕಿನ ಕಡೆ ಕೇಬಲ್ ಹಾಯಿಸಲು ಹೂಳುವ ಕರಿ ಪೈಪಿನ ತುಂಡುಗಳನ್ನು ತಾನೇ ಗ್ರೈಂಡ್ ಮಾಡಿಸಿ ಚೀಲ ಕಟ್ಟಿ ತಂದಿದ್ದ. "ಚೂಡನ್ನಾ, ನೋಡಣ್ಣಾ, ಫುಲ್ ಕ್ಲೀನ್ ಮಾಲು. ತೊಳಿಯೋದೇ ಬೇಡ" ಅಂದ. ಚೂರು ನಿಜವಾಗಿಯೂ ಶುದ್ಧವಾಗಿತ್ತು, ಮಿರಮಿರ ಮಿಂಚುತ್ತಿತ್ತು. ನನ್ನ ಅನುಮಾನಕ್ಕೆ ಕಾರಣವೂ ಅದೇ. ಪೈಪು ಇಡಿಯಾಗಿದ್ದರೆ ಕೈಯಲ್ಲೇ ತಿಳಿಯುತ್ತದೆ, ಕರಿ ಚೂರಾದ ಮೇಲೆ ಎಲ್ಲ ಒಂದೇ ಜಾತಿ. ಬೋರ್‌ವೆಲ್ಲು ಆಗ ಉಸಿರು ಬಿಡುತ್ತಿತ್ತೇ ಹೊರತು ನೀರು ಬಿಡುತ್ತಿರಲಿಲ್ಲ. ತೊಟ್ಟಿ ಅರ್ಧ ಖಾಲಿ.

"ಟ್ಯಾಂಕರ್ ತರಿಸಾನ, ಒಂದು ಸಲ ತೇಲಿಸಿ ನೋಡಾನ" ಅಂದೆ.

ಅಣ್ಣ ಚೀಲದ ಬಾಯಿಂದ ಒಂದೆರಡು ಚೂರು ತೆಗೆದು ಹಚ್ಚಿದ, ಊದಿದ, ಕಣ್ಣು ಮುಚ್ಚಿ ಎಳೆದುಕೊಂಡ. "ಮೇಣ ಕಣಮ್ಮ ಇದು, ಒಳ್ಳೆ ಎಚ್‌ಡಿ. ಇದಕ್ಕೂ ನೀರು ಸುರಿತೀಯಾ? ನನ್ ಮೂಗಿಗಿಂತ ನಿನ್ ತೊಟ್ಟಿ ದೊಡ್ಡದಾ?" ಅಂದ.

ನನಗೆ ಸಿಟ್ಟು ಬಂತು. ನಿನ್ನ ಮೂಗು ನಿನಗೇ ಇರಲಿ ಅಂದುಕೊಂಡು ಹೊರಗೆ ಹೋಗಿ ಒಣಹಾಕಿದ್ದ ಚೂರು ಕೆದಕುತ್ತಾ ನಿಂತೆ.

ಮಿಷನ್ನು ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಗಾಳಿ ನನ್ನ ಕಡೆ ತಿರುಗಿದ್ದೇ ತಡ, ಗಂಟಲಿಗೆ ಯಾರೋ ಕಡ್ಡಿ ತೂರಿಸಿದ ಹಾಗಾಯಿತು. ಆಸಿಡ್ಡಿನ ಘಾಟು. ಆ ಕರಿ ಚೂರಿನಲ್ಲಿ ಪಿವಿಸಿ ಬೆರೆತಿತ್ತು. ಪಿವಿಸಿ ಆ ಕಾವಿನಲ್ಲಿ ಕರಗುವುದಿಲ್ಲ, ಬೆಂದು ಕರಿಕಾಗಿ ಆಸಿಡ್ ಹೊಗೆ ಬಿಡುತ್ತದೆ. ಆರಿಸುವ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಓಡಿ ಬರುತ್ತಿದ್ದರು. ನಾನು ಒಳಗೆ ಓಡಿದೆ.

ಮಿಷನ್ನಿನ ಬಾಯಿಂದ ಎಳೆಗಳು ಕಡಿದು ಕಡಿದು ಬೀಳುತ್ತಿದ್ದವು. ಬಿಳಿ ಹೊಗೆ ಸೂರಿನವರೆಗೆ ತುಂಬಿತ್ತು. ಅಣ್ಣ ಅದರ ನಡುವೆ ನಿಂತು ಕೆಮ್ಮುತ್ತಾ, ಕಣ್ಣಲ್ಲಿ ನೀರು ಸುರಿಸುತ್ತಾ, ಎಳೆಗಳನ್ನು ಜೋಡಿಸಲು ನೋಡುತ್ತಿದ್ದ. ನನ್ನನ್ನು ಕಂಡು, "ಜಾಲರಿ ಕಟ್ಕಂಡೈತೆ ಅನ್ಸುತ್ತೆ. ಹೊಗೆ ಜಾಸ್ತಿ ಆಗ್ಬುಡ್ತು, ಅಲ್ವಾ?" ಅಂದ. ಆ ಮುಖದಲ್ಲಿ ಭಯ ಇರಲಿಲ್ಲ. ನಾನು ಹೆದರಿದ್ದು ಅದಕ್ಕೇ.

"ಅಣ್ಣ, ವಾಸ್ನೆ ಬರ್ತಿಲ್ವಾ ನಿಂಗೆ?"

ಅವನು ನನ್ನ ಮುಖ ನೋಡಿದ. ಹೊರಗೆ ಓಡುತ್ತಿದ್ದ ಹೆಂಗಸರನ್ನು ನೋಡಿದ. ಆಗ ಅವನಿಗೆ ತಿಳಿಯಿತು.

ನಾನು ಸ್ವಿಚ್ಚಿಗೆ ಕೈ ಹಾಕಿದೆ. "ಮುಟ್ಬ್ಯಾಡ!" ಎಂದು ಕೂಗಿದ. "ನಿಲ್ಸಿದ್ರೆ ಒಳಗೇ ಬೇಯ್ತೈತೆ, ಇನ್ನೂ ಜಾಸ್ತಿ ಆಯ್ತದೆ. ನೀನು ಈಚೆಗೆ ಓಡು." ಹೀಟರುಗಳ ಕಾವು ಇಳಿಸಿ, ಕರಿ ಚೂರು ಬೀಳುವುದನ್ನು ತಡೆದು, ಒದ್ದೆ ಟವೆಲ್ಲು ಮುಖಕ್ಕೆ ಸುತ್ತಿಕೊಂಡು, ತೊಳೆದಿಟ್ಟಿದ್ದ ಒಳ್ಳೆಯ ಎಚ್‌ಡಿ ಚೂರನ್ನು ಬುಟ್ಟಿ ಬುಟ್ಟಿಯಾಗಿ ಸುರಿಯತೊಡಗಿದ. ಅವನು ಹೇಳಿದ್ದು ಸರಿ. ಒಳಗಿನ ವಿಷವನ್ನು ಒಳ್ಳೆಯ ಮಾಲಿನಿಂದಲೇ ಆಚೆಗೆ ತಳ್ಳಬೇಕು, ಅದಕ್ಕೆ ಯಾರಾದರೂ ಅಲ್ಲಿ ನಿಲ್ಲಲೇಬೇಕು. ನಾನು ಬಾಗಿಲು, ಕಿಟಕಿ ತೆರೆದು, ಫ್ಯಾನು ತಿರುಗಿಸಿ, ಹೊರಗೆ ನಿಂತು ಅಳುತ್ತಾ ಬಯ್ಯುತ್ತಿದ್ದೆ. ಗುಜರಿಯವನನ್ನು, ನೀರಿಲ್ಲದ ಬೋರನ್ನು, ಅಣ್ಣನನ್ನು. ಕರಿಕಾದ ಮುದ್ದೆಗಳು ಬಿದ್ದು ಮುಗಿದು ಎಳೆ ನಯವಾಗುವವರೆಗೆ ಅವನು ಹೊರಗೆ ಬರಲಿಲ್ಲ. ಬಂದವನು ಬೇಲಿ ಹಿಡಿದು ಕೂತುಬಿಟ್ಟ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಡಾಕ್ಟರು ಎದೆಯ ಫಿಲ್ಮು ನೋಡಿ, ಇದು ಇವತ್ತಿನ ಒಂದೇ ದಿನದ ಹೊಗೆಯಲ್ಲ ಅಂದರು. ಇನ್ನು ಮಿಷನ್ನಿನ ಮುಂದೆ ನಿಂತರೆ ಶ್ವಾಸಕೋಶ ಉಳಿಯುವುದಿಲ್ಲ ಅಂತ ಅತ್ತಿಗೆಗೆ ನೇರವಾಗಿ ಹೇಳಿದರು. ಅವತ್ತು ಅಣ್ಣ ಬಾಯಿಬಿಟ್ಟ. ಹಿಂದಿನ ವರ್ಷದ ಜ್ವರದಲ್ಲಿ ವಾಸನೆ ಹೋಯಿತಂತೆ. ಬಂದೀತು ಬಂದೀತು ಅಂತ ಕಾದನಂತೆ. ನಮ್ಮ ಮುಖ ನೋಡಿ, ಚೂರಿನ ಹೊಳಪು ನೋಡಿ, ಅಂದಾಜಿನ ಮೇಲೆ ಮೇಣ, ಸೀ ಅನ್ನುತ್ತಿದ್ದನಂತೆ.

"ಹೇಳಾಕೇನಾಗಿತ್ತು ನಿಂಗೆ?" ಎಂದು ಅತ್ತಿಗೆ ಕೇಳಿದರು.

"ಹೇಳಿದ್ರೆ ಆ ಶೆಡ್ಡಿನಾಗೆ ನಂಗೇನು ಕೆಲ್ಸ?" ಅಂದ. ನನಗೆ ಅಷ್ಟು ಕೋಪ ಬಂದಿತ್ತು, ಆ ಮಾತಿಗೆ ಎಲ್ಲ ಇಳಿದುಹೋಯಿತು.

ಮಿಷನ್ನಿನ ಸ್ಕ್ರೂ ಬಿಚ್ಚಿದಾಗ ಆಸಿಡ್ ಹೊಗೆಗೆ ಅದರ ಮೈತುಂಬ ಹುಳ ತಿಂದ ಹಲ್ಲಿನಂಥ ಗುಳಿಗಳಿದ್ದವು. ಕಬ್ಬಿಣಕ್ಕೇ ಹೀಗಾದರೆ ಎಂದು ಯೋಚಿಸಿ ಆ ಯೋಚನೆಯನ್ನು ಅಲ್ಲಿಗೇ ನಿಲ್ಲಿಸಿದೆ. ಈಗ ಯಾವ ಮಾಲೂ ತೊಟ್ಟಿ ಕಾಣದೆ ಒಳಗೆ ಹೋಗುವುದಿಲ್ಲ. ಉರಿಯನ್ನು ಪೂರ್ತಿ ನೋಡಿದ ಮೇಲೆಯೇ ವಾಸನೆ. ಆ ಕೆಲಸ ನನ್ನದು. ಮಿಷನ್ನಿಗೆ ಬೇರೆಯವರನ್ನು ಇಟ್ಟಿದ್ದೇವೆ. ಅಣ್ಣ ಗೇಟಿನ ಬಳಿ ತೂಕದ ಕಾಟಾ ನೋಡಿಕೊಂಡು ಕೂರುತ್ತಾನೆ. ಕೂರುತ್ತಾನೆ ಅಂದೆನಲ್ಲ, ಅದು ಸುಳ್ಳು. ನಾನು ಆ ಕಡೆ ತಿರುಗಿದರೆ ಇವನು ಮಿಷನ್ನಿನ ಕಡೆ ಎರಡು ಹೆಜ್ಜೆ ಇಟ್ಟಿರುತ್ತಾನೆ.

ಮೊನ್ನೆ ಸಂಜೆ ಗೆಲುವಾಗಿ ಬಂದ. "ವಾಸ್ನೆ ವಾಪಸ್ ಬಂದೈತೆ ಕಣಮ್ಮ. ಬೇಕಾದ್ರೆ ಪರೀಕ್ಷೆ ಮಾಡು. ಸರಿಯಾಗಿ ಹೇಳಿದ್ರೆ ನಾಳೆಯಿಂದ ಮಿಷನ್ ಹತ್ರ ನಾನೇ ನಿಂತ್ಕತೀನಿ" ಅಂದ. ನನಗೂ ಆಸೆಯಾಯಿತು. ಬಂದಿರಲಿ ದೇವರೇ ಅಂದುಕೊಂಡೆ. ಕಾಟಾದ ಪಕ್ಕದ ಕಲ್ಲಿನ ಮೇಲೆ ಕೂರಿಸಿದೆ. ಕಣ್ಣು ಮುಚ್ಚಿಕೋ ಎನ್ನುವ ಮೊದಲೇ ಮುಚ್ಚಿಕೊಂಡಿದ್ದ. ನಾನು ಇಕ್ಕಳದಲ್ಲಿ ಒಂದು ಚೂರು ಹಿಡಿದು ಲೈಟರ್ ಒತ್ತಿದೆ. ಗಾಳಿಗೆ ಅದು ಹತ್ತಲಿಲ್ಲ. ಚಟ್ ಎಂದಿತು, ಅಷ್ಟೇ. ಮತ್ತೆ ಒತ್ತಲು ಕೈ ಮರೆ ಮಾಡಿಕೊಳ್ಳುತ್ತಿದ್ದೆ.

ಅಣ್ಣ ಅಷ್ಟರಲ್ಲಿ ಎದೆ ತುಂಬ ಉಸಿರು ಎಳೆದುಕೊಂಡ. ಅವನ ಮುಖವೆಲ್ಲ ನಗುವಾಯಿತು.

"ಮೇಣ" ಅಂದ. "ಒಳ್ಳೆ ಎಚ್‌ಡಿ. ಹೆಂಗೆ?"

ನನ್ನ ಕೈಯಲ್ಲಿ ಚೂರು ಇನ್ನೂ ತಣ್ಣಗೇ ಇತ್ತು.